ಕಲಬುರಗಿ ಬಿಸಿಲಿಗೆ ಎಲ್‌ಎಂಒ ಪ್ಯಾಕ್ ಕಾಲು ಭಾಗ ಇಳಿದಿದೆ. ಅಷ್ಟು ಮ್ಯಾಂಗನೀಸ್ ನಿಜವಾಗಿ ಕರಗುತ್ತದಾ?

ಪೀಣ್ಯ ಪ್ಯಾಕ್

ಎಲ್ಲರಿಗೂ ನಮಸ್ಕಾರ. ಪೀಣ್ಯದಲ್ಲಿ ನಮ್ಮದೊಂದು ಚಿಕ್ಕ ಬ್ಯಾಟರಿ ಪ್ಯಾಕ್ ಜೋಡಿಸುವ ಘಟಕ ಇದೆ. ಸಾಮಾನು ಸಾಗಿಸುವ ಎಲೆಕ್ಟ್ರಿಕ್ ಸೈಕಲ್‌ಗಳಿಗೆ 48 ವೋಲ್ಟ್ ಪ್ಯಾಕ್ ಮಾಡಿಕೊಡುತ್ತೇವೆ. ಹೋದ ವರ್ಷ ಒಂದು ದೊಡ್ಡ ಆರ್ಡರ್‌ಗೆ ಲಿಥಿಯಂ ಮ್ಯಾಂಗನೀಸ್ ಆಕ್ಸೈಡ್, ಅಂದರೆ ಎಲ್‌ಎಂಒ ಸೆಲ್ ಹಾಕಿದೆವು. 18650 ಅಳತೆ, 1500 ಎಂಎಎಚ್. ಅರ್ಧ ಪ್ಯಾಕ್ ಬೆಂಗಳೂರಿನಲ್ಲೇ ಓಡುತ್ತಿವೆ, ಉಳಿದರ್ಧ ಕಲಬುರಗಿಗೆ ಹೋದವು. ಸೆಲ್‌ಗಳು ಒಂದೇ ಲಾಟ್, ಬಿಎಂಎಸ್ ಒಂದೇ, ಚಾರ್ಜರ್ ಒಂದೇ.

ಬೇಸಿಗೆ ಮುಗಿದ ಮೇಲೆ ಎರಡೂ ಕಡೆಯಿಂದ ಕೆಲವು ಪ್ಯಾಕ್ ಸರ್ವಿಸ್‌ಗೆ ತರಿಸಿಕೊಂಡು ನಿಧಾನವಾಗಿ ಡಿಸ್ಚಾರ್ಜ್ ಮಾಡಿ ನೋಡಿದೆ. ಬೆಂಗಳೂರಿನ ಸೆಲ್ ಸರಾಸರಿ 1430 ಎಂಎಎಚ್ ಕೊಡುತ್ತಿದೆ. ಕಲಬುರಗಿಯದು 1140. ಇಲ್ಲಿನ ಸೈಕಲ್‌ಗಳು ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ ನಿಲ್ಲುತ್ತವೆ. ಅಲ್ಲಿ ತಗಡಿನ ಶೆಡ್. ಬಿಎಂಎಸ್ ದಾಖಲೆಯಲ್ಲಿ ಮಧ್ಯಾಹ್ನ 50 ಡಿಗ್ರಿ ದಾಟಿದ್ದು ಎಷ್ಟೋ ದಿನ ಕಾಣಿಸುತ್ತದೆ.

ನನಗೆ ಅರ್ಥವಾಗದ ವಿಷಯ ಬೇರೆಯೇ ಇದೆ. ಅದೇ ಶೆಡ್‌ನಲ್ಲಿ ಒಂದು ಸ್ಪೇರ್ ಪ್ಯಾಕ್ ಇತ್ತು. ಅದನ್ನು ಯಾವ ಸೈಕಲ್‌ಗೂ ಹಾಕಿರಲಿಲ್ಲ. ಪೂರ್ತಿ ಚಾರ್ಜ್ ಮಾಡಿ ಇಟ್ಟಿದ್ದರು, ಇಳಿದಾಗ ಮತ್ತೆ ತುಂಬಿಸುತ್ತಿದ್ದರು ಅಷ್ಟೇ. ಅದರ ಸೆಲ್‌ಗಳೂ 1170ಕ್ಕೆ ಇಳಿದಿವೆ! ಓಡದೇ ಕೂತ ಪ್ಯಾಕ್ ಸವೆಯುವುದು ಹೇಗೆ?

ಸೆಲ್ ಮಾರಿದವರನ್ನು ಕೇಳಿದರೆ "ಬಿಸಿಗೆ ಮ್ಯಾಂಗನೀಸ್ ಕರಗುತ್ತೆ ಸಾರ್, ಅದು ಮಾಮೂಲಿ" ಅಂದರು. ಕಾಲು ಭಾಗ ಸಾಮರ್ಥ್ಯ ಹೋಗಿದೆ ಅಂದರೆ ಕ್ಯಾಥೋಡ್‌ನ ಕಾಲು ಭಾಗ ಕರಗಿದೆ ಅಂತಲೇ? ಮುಂದಿನ ಆರ್ಡರ್‌ಗೆ ಮುಂಚೆ ಇದು ಸರಿಯಾಗಿ ತಿಳಿಯಬೇಕು.

ಸರ್ಕ್ಯೂಟ್ ರಾಜ

ಮಾರಿದವರು ಹೇಳಿದ್ದು ಸರಿಯಾಗಿದೆ ಗುರು. ಎಲ್‌ಎಂಒದಲ್ಲಿ ಮ್ಯಾಂಗನೀಸ್ ಅರ್ಧ 3+, ಅರ್ಧ 4+ ಇರುತ್ತದೆ. ಆ 3+ ಇದೆಯಲ್ಲ, ಅದೇ ತೊಂದರೆ. ಸೆಲ್ ಜಾಸ್ತಿ ಖಾಲಿಯಾದಾಗ 3+ ಹೆಚ್ಚಾಗಿ ಹರಳಿನ ಆಕಾರ ಒಂದು ಕಡೆಗೆ ಎಳೆದುಕೊಳ್ಳುತ್ತದೆ. ಯಾನ್-ಟೆಲ್ಲರ್ ವಿಕೃತಿ ಅಂತ ಓದಿರುತ್ತೀರಿ. ಕಣ ಬಿರುಕು ಬಿಟ್ಟು ಮ್ಯಾಂಗನೀಸ್ ಕರಗಿ ಕ್ಯಾಥೋಡ್ ಸಣ್ಣದಾಗುತ್ತಾ ಹೋಗುತ್ತದೆ. ಬಿಎಂಎಸ್‌ನಲ್ಲಿ ಕೆಳಗಿನ ಮಿತಿ 3.0 ಇದ್ದರೆ 3.3 ಮಾಡಿ ನೋಡಿ. ನಾನಾದರೆ ಮೊದಲು ಅದನ್ನೇ ಮಾಡುತ್ತಿದ್ದೆ.

ಸಂಡೂರು ಗಣಿ

ನನ್ನದೊಂದು ಪ್ರಶ್ನೆ, ಬೇರೆ ಕಡೆಯಿಂದ ಬಂದದ್ದು. ನಮ್ಮ ಸಂಡೂರಿನಲ್ಲಿ ಮ್ಯಾಂಗನೀಸ್ ಅದಿರು ಬೆಟ್ಟವೇ ಇದೆ. ಬಳ್ಳಾರಿ ಜಿಲ್ಲೆಯ ಬಿಸಿಲು ಹೇಗಿರುತ್ತದೆ ಅಂತ ನಿಮಗೆ ಗೊತ್ತು. ಎಷ್ಟು ಕಾಲದಿಂದ ಮಳೆಯಲ್ಲಿ ನೆನೆದು ಬಿಸಿಲಲ್ಲಿ ಕಾದರೂ ಆ ಕರಿ ಕಲ್ಲು ಕರಗಿ ಹರಿದದ್ದನ್ನು ನಾವು ನೋಡಿಲ್ಲ. ಬ್ಯಾಟರಿಗೆ ಹಾಕುವುದು ಕಡಿಮೆ ದರ್ಜೆಯ ಅದಿರಾ? ಒಳ್ಳೆಯ ಅದಿರು ಬಳಸಿದರೆ ಕರಗುವುದಿಲ್ಲವಾ?

ಸ್ಪಿನೆಲ್

ಸಂಡೂರಿನವರ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಅದು ಸರಿಯಾದ ಜಾಗಕ್ಕೇ ಬಂದಿದೆ. ನಾನು ಕ್ಯಾಥೋಡ್ ಪುಡಿ ತಯಾರಿಸುವ ಕಡೆ ಬಹಳ ವರ್ಷ ಕೆಲಸ ಮಾಡಿದವಳು.

ಅದಿರಿನ ದರ್ಜೆಗೂ ಇದಕ್ಕೂ ಸಂಬಂಧ ಇಲ್ಲ. ನಿಮ್ಮ ಕರಿ ಕಲ್ಲಿನಲ್ಲಿರುವ ಪೈರೊಲುಸೈಟ್‌ನಂಥ ಖನಿಜದಲ್ಲಿ ಮ್ಯಾಂಗನೀಸ್ 4+ ರೂಪದಲ್ಲಿದೆ. ಅದು ಮಳೆ ನೀರಿಗೆ ಕರಗುವುದಿಲ್ಲ. ಕರಗುವುದು 2+ ಮಾತ್ರ. LiMn2O4ನಲ್ಲಿ ಅರ್ಧ ಮ್ಯಾಂಗನೀಸ್ 3+ ಅಂತ ಸರ್ಕ್ಯೂಟ್ ರಾಜ ಸರಿಯಾಗಿ ಹೇಳಿದರು. ಆಮ್ಲ ಸಿಕ್ಕಿದಾಗ ಕಣದ ಮೈ ಮೇಲಿರುವ ಎರಡು 3+ ಸೇರಿ ಒಂದು 4+ ಆಗಿ ಕಲ್ಲಿನಲ್ಲೇ ಉಳಿಯುತ್ತದೆ, ಇನ್ನೊಂದು 2+ ಆಗಿ ದ್ರವಕ್ಕೆ ಇಳಿಯುತ್ತದೆ. 1981ರಲ್ಲಿ ಹಂಟರ್ ಎಂಬವರು ಈ ಪುಡಿಯನ್ನು ಆಮ್ಲದಲ್ಲಿ ತೊಳೆದು ಲಿಥಿಯಂ ಪೂರ್ತಿ ತೆಗೆದಾಗ ಕಂಡದ್ದು ಇದೇ. ಹರಳಿನ ಚೌಕಟ್ಟು ಹಾಗೇ ಉಳಿದು λ-MnO2 ಸಿಕ್ಕಿತು, ಒಂದು ಪಾಲು ಮ್ಯಾಂಗನೀಸ್ ನೀರಿಗೆ ಹೋಗಿತ್ತು.

ಹಾಗಾದರೆ ಮುಚ್ಚಿದ ಸೆಲ್ ಒಳಗೆ ಆಮ್ಲ ಎಲ್ಲಿಂದ ಬಂತು? ಎಲೆಕ್ಟ್ರೊಲೈಟ್‌ನಲ್ಲಿ LiPF6 ಎಂಬ ಲವಣ ಇದೆ. ಬಿಸಿಯಾದಾಗ ಅದು ಸ್ವಲ್ಪ ಒಡೆದು PF5 ಬಿಡುತ್ತದೆ. ಎಷ್ಟೇ ಒಣಗಿಸಿದರೂ ಸೆಲ್ ಒಳಗೆ ಚೂರು ತೇವ ಉಳಿದಿರುತ್ತದೆ. ಅವೆರಡೂ ಸೇರಿದರೆ ಹೈಡ್ರೊಫ್ಲೋರಿಕ್ ಆಮ್ಲ, ಅಂದರೆ HF.

```
PF5 + H2O -> POF3 + 2 HF
2 LiMn2O4 + 4 HF -> 3 MnO2 + MnF2 + 2 LiF + 2 H2O
```

ಎರಡನೇ ಸಾಲಿನ ಕೊನೆ ನೋಡಿ. ನೀರು ವಾಪಸ್ ಬಂತು! ಎರಡು ನೀರಿನ ಅಣುವಿನಿಂದ ನಾಲ್ಕು HF, ನಾಲ್ಕು HF ಖರ್ಚಾದರೆ ಮತ್ತೆ ಎರಡು ನೀರು. ಲೆಕ್ಕ ಅಲ್ಲಿಗಲ್ಲಿಗೆ ಸರಿ ಹೋಗುತ್ತದೆ. ತೇವ ಇಲ್ಲಿ ಹಾಲಿಗೆ ಹಾಕಿದ ಹೆಪ್ಪಿನ ಹಾಗೆ: ಚೂರೇ ಇದ್ದರೂ ಕೆಲಸ ಶುರು ಮಾಡುತ್ತದೆ, ತಾನು ಮುಗಿಯುವುದಿಲ್ಲ. ಮುಗಿಯುತ್ತಾ ಹೋಗುವುದು ಲವಣ ಮತ್ತು ಕ್ಯಾಥೋಡ್. ಬಿಸಿ ಹೆಚ್ಚಿದಷ್ಟೂ ಈ ಚಕ್ರ ಜೋರಾಗಿ ತಿರುಗುತ್ತದೆ.

ಇಲ್ಲಿವರೆಗೆ ನಿಮಗೆ ಸೆಲ್ ಮಾರಿದವರ ಮಾತು ನಿಜವೇ. ಆದರೆ ಕಾಲು ಭಾಗ ಕ್ಯಾಥೋಡ್ ಕರಗಿದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಅದರ ಲೆಕ್ಕ ಸಂಜೆ ಕೂತು ಬರೆಯುತ್ತೇನೆ, ಅವಸರದಲ್ಲಿ ಬೇಡ.

ಗುಲ್ಬರ್ಗ ರೈಡರ್

ಕಲಬುರಗಿಯವನೇ ನಾನು. ನನ್ನ ಸ್ಕೂಟರ್‌ಗೂ ಹೀಗೇ ಆಗಿದೆ ಅಣ್ಣ. ತಗೊಂಡಾಗ ಎಷ್ಟು ಕಿಲೋಮೀಟರ್ ಓಡುತ್ತಿತ್ತೋ ಅದರ ಮುಕ್ಕಾಲು ಮಾತ್ರ ಈಗ ಓಡುತ್ತದೆ. ಬ್ಯಾಟರಿ ಎಲ್‌ಎಫ್‌ಪಿ ಅಂತ ಬರೆದಿದೆ. ನನ್ನದರಲ್ಲೂ ಮ್ಯಾಂಗನೀಸ್ ಕರಗಿರಬೇಕು ಅಲ್ವಾ? ವಾರಂಟಿಯಲ್ಲಿ ಹೀಗೆ ಹೇಳಿ ಕೇಳಬಹುದಾ?

ಪೀಣ್ಯ ಪ್ಯಾಕ್

ಎಲ್‌ಎಫ್‌ಪಿಯಲ್ಲಿ ಮ್ಯಾಂಗನೀಸ್ ಇರುವುದಿಲ್ಲ, ಅದು ಕಬ್ಬಿಣ ಮತ್ತು ಫಾಸ್ಫೇಟ್. ನಿಮ್ಮದು ಬೇರೆ ಕಥೆ. ರೇಂಜ್ ಕಡಿಮೆಯಾಗಲು ಸೆಲ್‌ಗಳ ನಡುವೆ ಸಮತೋಲನ ತಪ್ಪಿದ್ದರೂ ಸಾಕು. ಪೂರ್ತಿ ಚಾರ್ಜ್ ಮಾಡಿ ರಾತ್ರಿಯೆಲ್ಲ ಚಾರ್ಜರ್‌ನಲ್ಲೇ ಬಿಟ್ಟು ನೋಡಿ, ಬ್ಯಾಲೆನ್ಸ್ ಆದರೆ ಸ್ವಲ್ಪ ವಾಪಸ್ ಬರಬಹುದು. ವಾರಂಟಿಯಲ್ಲಿ ಸಾಮರ್ಥ್ಯ ಎಷ್ಟು ಶೇಕಡಾಕ್ಕೆ ಇಳಿದರೆ ಬದಲಿ ಕೊಡುತ್ತಾರೆ ಅಂತ ಬರೆದಿರುತ್ತದೆ, ಅದನ್ನು ಹಿಡಿದು ಕೇಳಿ. ಕಾರಣ ಹೇಳುವ ಅಗತ್ಯ ಇಲ್ಲ.

ರಾಜ ಸರ್, ಕೆಳಗಿನ ಮಿತಿ 3.0 ಇರುವುದು ನಿಜ. ಆದರೆ ಸ್ಪೇರ್ ಪ್ಯಾಕ್ ಯಾವತ್ತೂ ಖಾಲಿಯಾಗಿಲ್ಲವಲ್ಲ. ಅದಕ್ಕೇನು ಹೇಳುತ್ತೀರಿ?

ಸರ್ಕ್ಯೂಟ್ ರಾಜ

ಅದು ಯೋಚಿಸಬೇಕಾದ ಮಾತು. ಬಿಸಿಗೆ ಕರಗುವುದು ಓಡಿದರೂ ಆಗುತ್ತದೆ, ಕೂತರೂ ಆಗುತ್ತದೆ ಅಂತ ಇಟ್ಟುಕೊಳ್ಳಬಹುದು. ಆದರೂ ಕರಗಿದ್ದು ಕ್ಯಾಥೋಡ್, ಇಳಿದದ್ದು ಕ್ಯಾಥೋಡ್ ಸಾಮರ್ಥ್ಯ. ಬೇರೆ ದಾರಿ ನನಗೆ ಕಾಣುತ್ತಿಲ್ಲ.

ಸ್ಪಿನೆಲ್

ಬೇರೆ ದಾರಿ ಇದೆ. ಮೊದಲು ಯಾನ್-ಟೆಲ್ಲರ್ ವಿಷಯ. ಆ ವಿಕೃತಿ ದೊಡ್ಡದಾಗಿ ಬರುವುದು ಕ್ಯಾಥೋಡ್ ಲಿಥಿಯಂ ಲೋಹಕ್ಕೆ ಹೋಲಿಸಿ 3 ವೋಲ್ಟ್ ಹತ್ತಿರ ಬಂದಾಗ. ಗ್ರಾಫೈಟ್ ಆನೋಡ್ ಇರುವ ಸೆಲ್ 3.0ಗೆ ಇಳಿದಾಗ ಸಾಮಾನ್ಯವಾಗಿ ಆನೋಡ್‌ನ ವೋಲ್ಟೇಜ್ ಮೇಲೆದ್ದಿರುತ್ತದೆ, ಕ್ಯಾಥೋಡ್ ಇನ್ನೂ 3ಕ್ಕಿಂತ ಚೆನ್ನಾಗಿ ಮೇಲೇ ಇರುತ್ತದೆ. ಕಣದ ಮೈ ಮೇಲೆ ಅಲ್ಲಲ್ಲಿ ಆಗಬಹುದು, ಇಲ್ಲವೆನ್ನುವುದಿಲ್ಲ. ಆದರೆ ಬೆಂಗಳೂರಿನ ಪ್ಯಾಕ್‌ಗಳೂ ಅದೇ 3.0ವರೆಗೆ ಓಡಿವೆ, ಚೆನ್ನಾಗೇ ಇವೆ. ಹಾಗಾಗಿ ಕಲಬುರಗಿ ಮತ್ತು ಬೆಂಗಳೂರಿನ ನಡುವಿನ ವ್ಯತ್ಯಾಸಕ್ಕೆ ಅದು ಕಾರಣ ಆಗಲಾರದು.

ಈಗ ಲೆಕ್ಕ. ಒಂದು ಸೆಲ್ ತೆಗೆದುಕೊಳ್ಳೋಣ. 1500 ಎಂಎಎಚ್ ಕೊಡಬೇಕಾದರೆ ಗ್ರಾಂಗೆ ಸುಮಾರು 110 ಎಂಎಎಚ್‌ನಂತೆ ಹತ್ತಿರ ಹತ್ತಿರ 14 ಗ್ರಾಂ ಎಲ್‌ಎಂಒ ಬೇಕು. ಅದರ ತೂಕದಲ್ಲಿ ಶೇ 60ರಷ್ಟು ಮ್ಯಾಂಗನೀಸ್. ಅಂದರೆ 8 ಗ್ರಾಂ ಚಿಲ್ಲರೆ. ಕಲಬುರಗಿ ಸೆಲ್ ಕಳೆದುಕೊಂಡಿದ್ದು ಶೇ 24. ಅಷ್ಟೂ ಕರಗಿಯೇ ಹೋಗಿದೆ ಅಂದರೆ 2 ಗ್ರಾಂ ಮ್ಯಾಂಗನೀಸ್ ದ್ರವಕ್ಕೆ ಇಳಿದಿರಬೇಕು. ಮೋಲ್ ಲೆಕ್ಕದಲ್ಲಿ 36 ಮಿಲಿಮೋಲ್.

ಮೇಲಿನ ಸಮೀಕರಣದ ಪ್ರಕಾರ ಒಂದು ಮ್ಯಾಂಗನೀಸ್ ಇಳಿಯಲು ನಾಲ್ಕು HF ಬೇಕು. ಅಂದರೆ 145 ಮಿಲಿಮೋಲ್ HF. ಈಗ ಸೆಲ್ ಒಳಗೆ ಫ್ಲೋರಿನ್ ಎಷ್ಟಿದೆ ನೋಡೋಣ. ಈ ಅಳತೆಯ ಸೆಲ್‌ನಲ್ಲಿ ಎಲೆಕ್ಟ್ರೊಲೈಟ್ 5 ಗ್ರಾಂ ಆಸುಪಾಸು, ಅಂದರೆ 4 ಮಿಲಿಲೀಟರ್. ಲೀಟರ್‌ಗೆ ಒಂದು ಮೋಲ್ ಲವಣ ಇದ್ದರೆ ನಮ್ಮ ಸೆಲ್‌ನಲ್ಲಿ 4 ಮಿಲಿಮೋಲ್ LiPF6. ಒಂದೊಂದರಲ್ಲಿ ಆರು ಫ್ಲೋರಿನ್, ಒಟ್ಟು 24 ಮಿಲಿಮೋಲ್. ಬೇಕಾದದ್ದು 145, ಇರುವುದು 24. ಲವಣದ ಕೊನೆಯ ಕಣವೂ ಆಮ್ಲವಾದರೂ ಕರಗಬಹುದಾದ ಮ್ಯಾಂಗನೀಸ್ 6 ಮಿಲಿಮೋಲ್, 0.33 ಗ್ರಾಂ. ಶೇ 4. ಅಷ್ಟು ಹೊತ್ತಿಗೆ ಎಲೆಕ್ಟ್ರೊಲೈಟ್‌ನಲ್ಲಿ ಲವಣವೇ ಇಲ್ಲದೆ ಸೆಲ್ ಕೆಲಸ ಮಾಡುವುದನ್ನೇ ನಿಲ್ಲಿಸಿರುತ್ತದೆ. ನಿಮ್ಮದು 1140 ಕೊಡುತ್ತಿದೆ, ಅಂದರೆ ನಿಜವಾಗಿ ಕರಗಿದ್ದು ಅದಕ್ಕಿಂತ ತುಂಬಾ ಕಡಿಮೆ.

ಹಾಗಾದರೆ ಉಳಿದದ್ದು ಎಲ್ಲಿ ಹೋಯಿತು? ಆನೋಡ್ ಹತ್ತಿರ ಹೋಗಿ ನೋಡಬೇಕು. ಕರಗಿದ ಮ್ಯಾಂಗನೀಸ್ ದ್ರವದಲ್ಲಿ ಸುಮ್ನೆ ತೇಲುತ್ತಾ ಇರುವುದಿಲ್ಲ. ಸೆಪರೇಟರ್ ದಾಟಿ ಗ್ರಾಫೈಟ್ ಮೇಲೆ ಹೋಗಿ ಕೂರುತ್ತದೆ. ಗ್ರಾಫೈಟ್ ಮೈ ಮೇಲೆ ಎಸ್‌ಇಐ ಎಂಬ ತೆಳುವಾದ ಪದರ ಇರುತ್ತದೆ. ಲಿಥಿಯಂ ಒಳಗೆ ಬಿಡುವುದು, ಎಲೆಕ್ಟ್ರೊಲೈಟ್‌ಗೆ ಎಲೆಕ್ಟ್ರಾನ್ ಸಿಗದ ಹಾಗೆ ತಡೆಯುವುದು ಅದರ ಕೆಲಸ. ಮ್ಯಾಂಗನೀಸ್ ಸೇರಿದ ಮೇಲೆ ಆ ತಡೆ ಸರಿಯಾಗಿ ನಡೆಯುವುದಿಲ್ಲ. ಎಲೆಕ್ಟ್ರೊಲೈಟ್ ಅಲ್ಲಿ ಒಡೆಯುತ್ತಲೇ ಇರುತ್ತದೆ, ಪದರ ದಪ್ಪವಾಗುತ್ತದೆ, ಪ್ರತಿ ಸಲವೂ ಒಂದಷ್ಟು ಲಿಥಿಯಂ ಆ ಪದರದಲ್ಲಿ ಸಿಕ್ಕಿಬೀಳುತ್ತದೆ. ಸಿಕ್ಕಿಬಿದ್ದ ಲಿಥಿಯಂ ಮತ್ತೆ ಓಡಾಡುವುದಿಲ್ಲ. ನೀವು ಕಳೆದುಕೊಂಡ 360 ಎಂಎಎಚ್ ಅಂದರೆ ಸುಮಾರು 93 ಮಿಲಿಗ್ರಾಂ ಲಿಥಿಯಂ. ಅದರಲ್ಲಿ ಬಹುಪಾಲು ಆನೋಡ್ ಮೇಲಿನ ಪದರದಲ್ಲಿ ಇದೆ ಅನ್ನುವುದು ನನ್ನ ಮಾತು.

ಸ್ಪೇರ್ ಪ್ಯಾಕ್ ಯಾಕೆ ಇಳಿಯಿತು ಅನ್ನುವುದೂ ಇದರಿಂದ ತಿಳಿಯುತ್ತದೆ. ಪೂರ್ತಿ ಚಾರ್ಜ್ ಆದ ಸೆಲ್‌ನಲ್ಲಿ ಗ್ರಾಫೈಟ್ ತುಂಬಾ ಲಿಥಿಯಂ. ತಡೆ ಹಾಳಾದ ಪದರದ ಹಿಂದೆ ಅಷ್ಟೂ ಲಿಥಿಯಂ ಕೂತಿದೆ. ಅದು ಖರ್ಚಾಗಲು ಸೈಕಲ್ ಓಡಬೇಕಿಲ್ಲ, ಬಿಸಿ ಇದ್ದರೆ ಸಾಕು.

ಸರ್ಕ್ಯೂಟ್ ರಾಜ

ಫ್ಲೋರಿನ್ ಲೆಕ್ಕ ಚೆನ್ನಾಗಿದೆ ಮೇಡಂ. ಅದನ್ನು ನಾನು ಯೋಚಿಸಿರಲಿಲ್ಲ. ಕರಗುವುದು ಕ್ಯಾಥೋಡ್‌ನಲ್ಲಿ, ನಷ್ಟ ಆನೋಡ್‌ನಲ್ಲಿ. ಹಾಗಾದರೆ ಗ್ರಾಫೈಟ್ ಬದಲು ಬೇರೆ ಆನೋಡ್ ಹಾಕಿದರೆ ಇದೇ ಎಲ್‌ಎಂಒ ಚೆನ್ನಾಗಿ ಬಾಳಬೇಕಲ್ಲ?

ಸ್ಪಿನೆಲ್

ಬಾಳುತ್ತದೆ. ಲಿಥಿಯಂ ಟೈಟನೇಟ್ ಆನೋಡ್ ಜೊತೆ ಇದೇ ಕ್ಯಾಥೋಡ್ ಬಿಸಿಯನ್ನು ಎಷ್ಟೋ ಚೆನ್ನಾಗಿ ತಡೆಯುತ್ತದೆ. ಅದು ಲಿಥಿಯಂಗಿಂತ 1.55 ವೋಲ್ಟ್ ಮೇಲೆ ಕೆಲಸ ಮಾಡುವುದರಿಂದ ಎಲೆಕ್ಟ್ರೊಲೈಟ್ ಅಲ್ಲಿ ಅಷ್ಟಾಗಿ ಒಡೆಯುವುದಿಲ್ಲ. ಆದರೆ ಸೆಲ್ ವೋಲ್ಟೇಜ್ 2.5ರ ಆಸುಪಾಸಿಗೆ ಇಳಿಯುತ್ತದೆ, ಪ್ಯಾಕ್ ಭಾರ ಆಗುತ್ತದೆ, ದುಡ್ಡೂ ಜಾಸ್ತಿ. ಸೈಕಲ್‌ಗೆ ಹೊಂದುವುದಿಲ್ಲ.

ಯಶವಂತಪುರ ಪಿಎಚ್‌ಡಿ

ಮೇಡಂ, ಎರಡು ಕಡೆ ನನ್ನ ತಕರಾರು ಇದೆ.

ಒಂದು, ಆಮ್ಲ ಬರುವುದು ಬರೀ ಲವಣದಿಂದಲ್ಲ. 4 ವೋಲ್ಟ್ ಮೇಲೆ ಸಾಲ್ವೆಂಟ್ ಕೂಡ ಕ್ಯಾಥೋಡ್ ಮೈ ಮೇಲೆ, ಕಾರ್ಬನ್ ಮೇಲೆ ಆಕ್ಸಿಡೈಸ್ ಆಗಿ ಪ್ರೋಟಾನ್ ಬಿಡುತ್ತದೆ. ಕ್ಯಾಥೋಡ್‌ನಲ್ಲಿ ಕಾರ್ಬನ್ ಜಾಸ್ತಿ ಹಾಕಿದರೆ ಮ್ಯಾಂಗನೀಸ್ ಜಾಸ್ತಿ ಕರಗುತ್ತದೆ ಅಂತ 90ರ ದಶಕದಲ್ಲೇ ತೋರಿಸಿದ್ದಾರೆ. ಹಾಗಾಗಿ ಫ್ಲೋರಿನ್ ಎಷ್ಟಿದೆಯೋ ಅಷ್ಟೇ ಮಿತಿ ಅನ್ನುವುದು ಪೂರ್ತಿ ಸರಿಯಲ್ಲ.

ಎರಡು, ಆನೋಡ್ ಮೇಲೆ ಮ್ಯಾಂಗನೀಸ್ ಹೋಗಿ ಕೂರುತ್ತದೆ ಅಂದಿರಿ. ಯಾವ ರೂಪದಲ್ಲಿ? ಲೋಹವಾಗಿ ಕೂತರೆ ಪದರದೊಳಗೆ ಎಲೆಕ್ಟ್ರಾನ್ ದಾರಿ ಆಗುತ್ತದೆ ಅಂತ ಒಂದು ಗುಂಪು ಹೇಳುತ್ತದೆ. ಎಕ್ಸ್-ರೇ ಹೀರಿಕೆಯಲ್ಲಿ ನೋಡಿದವರು ಅದು 2+ ಆಗಿಯೇ ಇದೆ, ಪದರದ ಲಿಥಿಯಂ ಜೊತೆ ಜಾಗ ಬದಲಾಯಿಸಿಕೊಂಡಿದೆ ಅನ್ನುತ್ತಾರೆ. ಎರಡರ ಪರಿಣಾಮ ಒಂದೇ ಅಲ್ಲ.

ಸ್ಪಿನೆಲ್

ಮೊದಲನೆಯದು ಒಪ್ಪಿದೆ, ಸಾಲ್ವೆಂಟ್ ಕಡೆಯಿಂದಲೂ ಆಮ್ಲ ಬರುತ್ತದೆ. ಅದನ್ನೂ ಲೆಕ್ಕಕ್ಕೆ ಹಾಕಿ. 4 ಗ್ರಾಂ ಚಿಲ್ಲರೆ ಕಾರ್ಬೊನೇಟ್ ಸಾಲ್ವೆಂಟ್ ಅಂದರೆ 50 ಮಿಲಿಮೋಲ್‌ಗಿಂತ ಕಡಿಮೆ. 145 ಮಿಲಿಮೋಲ್ ಪ್ರೋಟಾನ್ ಬರಬೇಕಾದರೆ ಇರುವ ಒಂದೊಂದು ಅಣುವೂ ಮೂರು ಪ್ರೋಟಾನ್ ಕೊಡಬೇಕು. ಸೆಲ್ ಒಣಗಿಹೋಗಿ, ಗ್ಯಾಸ್ ತುಂಬಿ ಮೇಲಿನ ಸುರಕ್ಷತಾ ಕವಾಟ ಬಿಚ್ಚಿಕೊಂಡಿರುತ್ತಿತ್ತು. ಮಿತಿ ಸಡಿಲವಾಗುತ್ತದೆ, ಆದರೆ ಶೇ 24ರ ಹತ್ತಿರ ಬರುವುದಿಲ್ಲ.

ಎರಡನೆಯದಕ್ಕೆ ನನ್ನ ಹತ್ತಿರ ಕೊನೆಯ ಉತ್ತರ ಇಲ್ಲ. 2+ ಆಗಿ ಇರುತ್ತದೆ ಅನ್ನುವ ಕಡೆಗೆ ನನ್ನ ಒಲವು. ಆದರೆ ಸೆಲ್ ಬಿಚ್ಚುವಾಗ, ತೊಳೆಯುವಾಗ, ಚೂರು ಗಾಳಿ ತಾಗಿದರೂ ಲೋಹ ಆಕ್ಸಿಡೈಸ್ ಆಗಿಬಿಡುತ್ತದೆ. ಹಾಗಾಗಿ ಬಿಚ್ಚಿ ನೋಡಿದ ಅಳತೆಯನ್ನು ಪೂರ್ತಿ ನಂಬಲು ನಾನು ಹಿಂಜರಿಯುತ್ತೇನೆ. ಮ್ಯಾಂಗನೀಸ್ ಬಂದ ಮೇಲೆ ಲಿಥಿಯಂ ಕಳೆದುಹೋಗುತ್ತದೆ ಅನ್ನುವುದರಲ್ಲಿ ಮಾತ್ರ ಎರಡು ಮಾತಿಲ್ಲ.

ಪೀಣ್ಯ ಪ್ಯಾಕ್

ಇಷ್ಟು ಬಿಡಿಸಿ ಹೇಳಿದ್ದಕ್ಕೆ ನಿಮ್ಮಿಬ್ಬರಿಗೂ ತುಂಬಾ ಥ್ಯಾಂಕ್ಸ್. ನಮ್ಮ ಸೆಲ್‌ನಲ್ಲಿ ಆಗಿರುವುದು ಇದೇನಾ ಅಂತ ಸೆಲ್ ಬಿಚ್ಚದೆ ನೋಡಲು ದಾರಿ ಇದೆಯಾ? ನನ್ನ ಹತ್ತಿರ ಒಳ್ಳೆಯ ಬ್ಯಾಟರಿ ಟೆಸ್ಟರ್ ಇದೆ. ಅದೇ ಲಾಟ್‌ನ ಬಳಸದ ಸೆಲ್‌ಗಳೂ ಎಸಿ ಇರುವ ಕೋಣೆಯಲ್ಲಿ ಅರ್ಧ ಚಾರ್ಜ್‌ನಲ್ಲಿ ಇವೆ.

ಸ್ಪಿನೆಲ್

ಬಳಸದ ಸೆಲ್ ಇರುವುದು ದೊಡ್ಡ ಅನುಕೂಲ. ಅದಿಲ್ಲದೆ ಹೋಲಿಸಲು ಆಗುವುದಿಲ್ಲ.

ಎರಡೂ ಸೆಲ್‌ಗಳನ್ನು 25 ಡಿಗ್ರಿಯಲ್ಲಿ ಪೂರ್ತಿ ಖಾಲಿ ಮಾಡಿ. ಆಮೇಲೆ C/20 ವೇಗದಲ್ಲಿ, ಅಂದರೆ 75 ಮಿಲಿಆಂಪ್‌ನಲ್ಲಿ 4.2ವರೆಗೆ ಚಾರ್ಜ್ ಮಾಡಿ. ಇಡೀ ದಿನ ಹಿಡಿಯುತ್ತದೆ, ಅವಸರ ಮಾಡಿದರೆ ಏನೂ ಕಾಣುವುದಿಲ್ಲ. ಆ ದಾಖಲೆಯಿಂದ dQ/dV ತೆಗೆದು ವೋಲ್ಟೇಜ್ ಎದುರು ಚಿತ್ರ ಬರೆಯಿರಿ. ಎಲ್‌ಎಂಒಗೆ ಎರಡು ಗುಡ್ಡ ಇರುತ್ತವೆ, ನಿಮ್ಮ ಸೆಲ್‌ನಲ್ಲಿ ಸುಮಾರು 3.9 ಮತ್ತು 4.05 ವೋಲ್ಟ್ ಹತ್ತಿರ.

ಕ್ಯಾಥೋಡ್ ಪುಡಿಯೇ ಕಡಿಮೆಯಾಗಿದ್ದರೆ ಎರಡೂ ಗುಡ್ಡ ಒಂದೇ ಪ್ರಮಾಣದಲ್ಲಿ ಸಣ್ಣದಾಗಬೇಕು. ಓಡಾಡುವ ಲಿಥಿಯಂ ಕಡಿಮೆಯಾಗಿದ್ದರೆ ಹಾಗಲ್ಲ. ಡಿಸ್ಚಾರ್ಜ್ ಮಾಡಿದಾಗ ಕ್ಯಾಥೋಡ್ ಪೂರ್ತಿ ತುಂಬಲು ಬೇಕಾದಷ್ಟು ಲಿಥಿಯಂ ಆನೋಡ್‌ನಲ್ಲಿ ಇರುವುದಿಲ್ಲ. ಕ್ಯಾಥೋಡ್ ಅರೆಬರೆ ತುಂಬಿಯೇ ನಿಲ್ಲುತ್ತದೆ. ಮುಂದಿನ ಚಾರ್ಜ್ ಅಲ್ಲಿಂದಲೇ ಶುರುವಾಗುವುದರಿಂದ ಕೆಳಗಿನ ಗುಡ್ಡ ಕತ್ತರಿಸಿದ ಹಾಗೆ ಕಾಣುತ್ತದೆ, ಮೇಲಿನದು ಹೆಚ್ಚುಕಡಿಮೆ ಹಾಗೇ ಇರುತ್ತದೆ.

ಇದಕ್ಕೂ ಮಿತಿ ಇದೆ. ಗ್ರಾಫೈಟ್‌ನದೇ ಮೆಟ್ಟಿಲುಗಳು ಚಿತ್ರದಲ್ಲಿ ಬೆರೆಯುತ್ತವೆ. ಪುಡಿಗೆ ಅಲ್ಯೂಮಿನಿಯಂ ಸೇರಿಸಿದ್ದರೆ ಎರಡು ಗುಡ್ಡ ಒಂದಕ್ಕೊಂದು ಸೇರಿ ಮಂಜಾಗುತ್ತವೆ. ಎನ್‌ಎಂಸಿ ಎಂಬ ನಿಕಲ್-ಮ್ಯಾಂಗನೀಸ್-ಕೋಬಾಲ್ಟ್ ಪುಡಿ ಬೆರೆಸಿದ್ದರೆ ಇನ್ನೂ ಕಷ್ಟ. ಸರಿಯಾದ ಸಾಕ್ಷಿ ಬೇಕೆಂದರೆ ಸೆಲ್ ಬಿಚ್ಚಿ, ಕ್ಯಾಥೋಡ್ ಚೂರನ್ನು ಹೊಸ ಲಿಥಿಯಂ ಎದುರು ಕಾಯಿನ್ ಸೆಲ್ ಮಾಡಬೇಕು. ಮೊದಲ ಚಾರ್ಜ್ ಕಡಿಮೆ ಬಂದು, ಅದರ ಮುಂದಿನ ಡಿಸ್ಚಾರ್ಜ್ ಹೊಸದರಷ್ಟೇ ಬಂದರೆ ಕ್ಯಾಥೋಡ್ ಆರೋಗ್ಯವಾಗಿದೆ ಅಂತ ಅರ್ಥ. ಆದರೆ ಅದು ಗ್ಲವ್ ಬಾಕ್ಸ್ ಇರುವವರ ಕೆಲಸ. ನಿಮ್ಮ ಘಟಕದಲ್ಲಿ ಬಿಚ್ಚಬೇಡಿ. ಬೆಂಕಿಯ ಭಯ ಒಂದು, HF ಭಯ ಇನ್ನೊಂದು.

ಗುಲ್ಬರ್ಗ ರೈಡರ್

ಬೆಂಗಳೂರಿನವರು ಬಿಸಿಲು ಬಿಸಿಲು ಅನ್ನುತ್ತಾರೆ, ನಿಮ್ಮಲ್ಲಿ 40 ಡಿಗ್ರಿ ಎಂದಾದರೂ ಮುಟ್ಟಿದೆಯಾ? ಇಲ್ಲಿ ಮೇ ತಿಂಗಳಲ್ಲಿ ಅದು ಮಾಮೂಲಿ. ಆ ಹತ್ತು ಡಿಗ್ರಿ ವ್ಯತ್ಯಾಸ ಅಷ್ಟೊಂದು ಮಾಡುತ್ತದಾ?

ಯಶವಂತಪುರ ಪಿಎಚ್‌ಡಿ

ಬೆಂಗಳೂರಿನ ದಾಖಲೆ 2016ರ ಏಪ್ರಿಲ್‌ನ 39.2. ಆದರೆ ಹವಾಮಾನ ವರದಿಯ ಡಿಗ್ರಿ ಸೆಲ್‌ಗೆ ಗೊತ್ತಿಲ್ಲ ಅಣ್ಣ, ತಗಡಿನ ಕೆಳಗಿನ ಡಿಗ್ರಿ ಮಾತ್ರ ಗೊತ್ತು. ಇಲ್ಲೂ ಬಿಸಿಲಲ್ಲಿ ನಿಲ್ಲಿಸಿದ ಡೆಲಿವರಿ ಗಾಡಿಯ ಸೀಟಿನ ಕೆಳಗೆ ಕೈ ಇಟ್ಟು ನೋಡಿ.

ಎಷ್ಟು ವ್ಯತ್ಯಾಸ ಅಂದರೆ, ಈ ಬಗೆಯ ಸವೆತಕ್ಕೆ ಸಕ್ರಿಯಗೊಳಿಸುವ ಶಕ್ತಿ ಮೋಲ್‌ಗೆ 50 ಕಿಲೋಜೂಲ್ ಅಂತ ಇಟ್ಟುಕೊಂಡರೆ 30 ಡಿಗ್ರಿಗಿಂತ 50 ಡಿಗ್ರಿಯಲ್ಲಿ ವೇಗ ಸುಮಾರು 3.4 ಪಟ್ಟು. ಮಧ್ಯಾಹ್ನ ಆರು ಗಂಟೆ ಕಾಲ 50ರಲ್ಲಿ ಕೂತ ಸೆಲ್, 30ರಲ್ಲಿ 20 ಗಂಟೆ ಕೂತಷ್ಟು ಸವೆಯುತ್ತದೆ. ಹಾಗಾಗಿ ದಿನದ ಸರಾಸರಿ ತಾಪ ತೆಗೆದುಕೊಂಡರೆ ಸವೆತ ಕಡಿಮೆ ಅಂದಾಜಾಗುತ್ತದೆ. ಮಧ್ಯಾಹ್ನದ ಆ ಕೆಲವು ಗಂಟೆಗಳನ್ನೇ ನೋಡಬೇಕು.

ನಿಸಾನ್ ಲೀಫ್ ಕಾರಿನ ಮೊದಲ ತಲೆಮಾರಿನಲ್ಲಿ ಮ್ಯಾಂಗನೀಸ್ ಸ್ಪಿನೆಲ್, ಅಂದರೆ ಇದೇ ಎಲ್‌ಎಂಒ, ಮುಖ್ಯವಾಗಿದ್ದ ಕ್ಯಾಥೋಡ್ ಇತ್ತು, ಬ್ಯಾಟರಿಯನ್ನು ದ್ರವ ಹರಿಸಿ ತಂಪು ಮಾಡುವ ಏರ್ಪಾಡು ಇರಲಿಲ್ಲ. 2012ರಲ್ಲಿ ಸಾಮರ್ಥ್ಯ ಬೇಗ ಇಳಿಯಿತೆಂಬ ದೂರು ಜಾಸ್ತಿ ಬಂದದ್ದು ಅಮೆರಿಕದ ಮರುಭೂಮಿ ರಾಜ್ಯ ಅರಿಜೋನದಿಂದ. ಅದಕ್ಕೆಲ್ಲ ಮ್ಯಾಂಗನೀಸ್ ಒಂದೇ ಕಾರಣ ಅಂತ ನಾನು ಹೇಳುವುದಿಲ್ಲ, ಬಿಸಿಗೆ ಬರೀ ಎಸ್‌ಇಐ ಕೂಡ ಬೆಳೆಯುತ್ತದೆ. ನಿಮ್ಮ ಶೆಡ್‌ಗೂ ಆ ಮಾತು ಸಲ್ಲುತ್ತದೆ.

ಸಂಡೂರು ಗಣಿ

ಅಂದರೆ 3+ ಇರುವುದೇ ತೊಂದರೆ. ಹಾಗಿದ್ದರೆ ನಮ್ಮ ಅದಿರಿನ ಹಾಗೆ ಪೂರ್ತಿ 4+ ಮಾಡಿಬಿಟ್ಟರೆ ಆಗುವುದಿಲ್ಲವಾ ಮೇಡಂ?

ಸ್ಪಿನೆಲ್

ಪೂರ್ತಿ 4+ ಮಾಡಿದರೆ ಸೆಲ್ ಕೆಲಸವೇ ಮಾಡುವುದಿಲ್ಲ. ಚಾರ್ಜ್ ಆಗುವಾಗ 3+ ಇದ್ದದ್ದು 4+ ಆಗುತ್ತದೆ, ಡಿಸ್ಚಾರ್ಜ್‌ನಲ್ಲಿ ಮತ್ತೆ 3+. ಸಾಮರ್ಥ್ಯ ಅಂದರೆ ಅದೇ. ಕರಗುವ ಗುಣವೂ ಕರೆಂಟ್ ಕೊಡುವ ಗುಣವೂ ಒಂದೇ ಮ್ಯಾಂಗನೀಸ್‌ನದು. ಆದರೆ ಸ್ವಲ್ಪ ದೂರ ಆ ಕಡೆಗೆ ಹೋಗಬಹುದು. ಒಂದಷ್ಟು ಮ್ಯಾಂಗನೀಸ್ ತೆಗೆದು ಆ ಜಾಗಕ್ಕೆ ಲಿಥಿಯಂ, ಅಲ್ಯೂಮಿನಿಯಂ ಹಾಕುತ್ತಾರೆ. ಆಗ ಉಳಿದ ಮ್ಯಾಂಗನೀಸ್‌ನ ಸರಾಸರಿ 3.5ಕ್ಕಿಂತ ಮೇಲೇರುತ್ತದೆ, 3+ ಪಾಲು ಕಡಿಮೆಯಾಗುತ್ತದೆ. ಬದಲಿಗೆ ಗ್ರಾಂಗೆ 110, 120 ಬರುತ್ತಿದ್ದದ್ದು 100ರ ಆಸುಪಾಸಿಗೆ ಇಳಿಯುತ್ತದೆ. ಬಿಸಿ ಊರಿಗೆ ನಾನು ಈ ವ್ಯಾಪಾರವನ್ನು ಕಣ್ಣು ಮುಚ್ಚಿ ಒಪ್ಪುತ್ತೇನೆ.

ಪೀಣ್ಯದವರೇ, ಇದರಿಂದ ನಿಮಗೊಂದು ಸುಳಿವು. ಮಾರುವವರು "ನಮ್ಮ ಎಲ್‌ಎಂಒ ಗ್ರಾಂಗೆ 120ಕ್ಕಿಂತ ಹೆಚ್ಚು ಕೊಡುತ್ತದೆ" ಎಂದು ಹೆಮ್ಮೆಯಿಂದ ಹೇಳಿದರೆ ಕಲಬುರಗಿಗೆ ಅದನ್ನು ತೆಗೆದುಕೊಳ್ಳಬೇಡಿ. ಪೂರ್ತಿ ಚಾರ್ಜ್ ಮಾಡಿ 60 ಡಿಗ್ರಿಯಲ್ಲಿ ಒಂದು ವಾರ ಇಟ್ಟ ಮೇಲೆ ಎಷ್ಟು ಉಳಿಯಿತು, ಮತ್ತೆ ಚಾರ್ಜ್ ಮಾಡಿದರೆ ಎಷ್ಟು ವಾಪಸ್ ಬಂತು, ಈ ಎರಡು ಅಂಕಿ ಬೇರೆ ಬೇರೆಯಾಗಿ ಕೇಳಿ. ಎರಡನೆಯದು ಮುಖ್ಯ. ವಾಪಸ್ ಬಾರದ್ದೇ ಆನೋಡ್‌ನಲ್ಲಿ ಸಿಕ್ಕಿಬಿದ್ದ ಲಿಥಿಯಂ. ಎನ್‌ಎಂಸಿ ಬೆರೆಸಿದ ಸೆಲ್ ಸಿಕ್ಕರೆ ಇನ್ನೂ ಒಳ್ಳೆಯದು, ಎನ್‌ಎಂಸಿ ಪಕ್ಕದಲ್ಲಿದ್ದರೆ ಆಮ್ಲದ ಕಾಟ ಕಡಿಮೆಯಾಗಿ ಸ್ಪಿನೆಲ್ ಕಡಿಮೆ ಕರಗುತ್ತದೆ.

ಪೀಣ್ಯ ಪ್ಯಾಕ್

ಚಿತ್ರ ತೆಗೆದೆ. ಬಳಸದ ಸೆಲ್‌ನಲ್ಲಿ ಎರಡು ಗುಡ್ಡ ಸ್ಪಷ್ಟವಾಗಿ, ಬಿಡಿ ಬಿಡಿಯಾಗಿ ಕಾಣುತ್ತವೆ. ಕಲಬುರಗಿ ಸೆಲ್‌ನಲ್ಲಿ ಕೆಳಗಿನ ಗುಡ್ಡದ ಎಡಗಡೆ ಹಾರಿಹೋಗಿದೆ, ಅರ್ಧಕ್ಕೆ ಹತ್ತಿರ ಉಳಿದಿದೆ. ಮೇಲಿನದು ಬಹುತೇಕ ಹಾಗೇ ಇದೆ, ಎತ್ತರ ಮಾತ್ರ ಸ್ವಲ್ಪ ಕಡಿಮೆ. ಸ್ಪೇರ್ ಪ್ಯಾಕ್‌ನ ಸೆಲ್ ಕೂಡ ಹಾಗೇ. ನೀವು ಹೇಳಿದ ಹಾಗೇ ಆಯಿತು ಮೇಡಂ.

ಗುಡ್ಡಗಳು ಇಷ್ಟು ಬಿಡಿಯಾಗಿರುವುದು ಅಂದರೆ ಇದು ಏನೂ ಸೇರಿಸದ ಪುಡಿ ಅಂತಲಾ?

ಸ್ಪಿನೆಲ್

ಹೆಚ್ಚು ಸೇರಿಸಿಲ್ಲ ಅನ್ನಬಹುದು. ಅಗ್ಗದ ಸೆಲ್‌ಗಳಲ್ಲಿ ಇದು ಸಾಮಾನ್ಯ. ಕೆಳಗಿನ ಗುಡ್ಡ ಕತ್ತರಿಸಿರುವುದರಿಂದ ದೊಡ್ಡ ನಷ್ಟ ಲಿಥಿಯಂನದು ಅಂತ ಧೈರ್ಯವಾಗಿ ಹೇಳುತ್ತೇನೆ. ಮೇಲಿನ ಗುಡ್ಡದ ಎತ್ತರ ಇಳಿದದ್ದು ಒಂದಷ್ಟು ಕ್ಯಾಥೋಡ್ ನಷ್ಟವೂ ಇರಬಹುದು, ರೆಸಿಸ್ಟೆನ್ಸ್ ಏರಿ ಗುಡ್ಡ ಅಗಲವಾದದ್ದೂ ಇರಬಹುದು. ಎತ್ತರ ಬಿಟ್ಟು ಗುಡ್ಡದ ಕೆಳಗಿನ ವಿಸ್ತೀರ್ಣ ಹೋಲಿಸಿ ನೋಡಿ.

ಯಶವಂತಪುರ ಪಿಎಚ್‌ಡಿ

ಲಿಥಿಯಂ ನಷ್ಟ ಅನ್ನುವುದು ಗೊತ್ತಾಯಿತು. ಆದರೆ ಅದನ್ನು ಮ್ಯಾಂಗನೀಸೇ ಮಾಡಿತು ಅಂತ ಈ ಚಿತ್ರ ಹೇಳುವುದಿಲ್ಲ. ಆನೋಡ್ ಚೂರನ್ನು ಆಮ್ಲದಲ್ಲಿ ಕರಗಿಸಿ ಐಸಿಪಿಯಲ್ಲಿ ಮ್ಯಾಂಗನೀಸ್ ಅಳೆದರೆ ಮಾತ್ರ ತಿಳಿಯುತ್ತದೆ. ಬೆಂಗಳೂರಿನ ಸೆಲ್, ಕಲಬುರಗಿ ಸೆಲ್, ಎರಡರ ಆನೋಡ್ ಹೋಲಿಸಬೇಕು.

ಪೀಣ್ಯ ಪ್ಯಾಕ್

ಗ್ಲವ್ ಬಾಕ್ಸ್ ಇರುವ ಲ್ಯಾಬ್ ವಿಚಾರಿಸುತ್ತೇನೆ. ಅಲ್ಲಿವರೆಗೆ ಕಲಬುರಗಿಯಲ್ಲಿರುವ ಪ್ಯಾಕ್‌ಗಳಿಗೆ ಏನು ಮಾಡಲಿ? ಅರ್ಧ ಚಾರ್ಜ್‌ನಲ್ಲಿ ಇಡಲು ಹೇಳಲಾ?

ಸರ್ಕ್ಯೂಟ್ ರಾಜ

ಚಾರ್ಜರ್ ಮಿತಿ ಸೆಲ್‌ಗೆ 4.1 ಮಾಡಿ. ಬಿಎಂಎಸ್‌ನಲ್ಲಿ 45 ಡಿಗ್ರಿ ಮೇಲೆ ಚಾರ್ಜ್ ನಿಲ್ಲಿಸುವ ಸೆಟ್ಟಿಂಗ್ ಹಾಕಿ. ಮಧ್ಯಾಹ್ನ ತುಂಬಿಸುವ ಬದಲು ರಾತ್ರಿ ಕೊನೆಗೆ ತುಂಬಿಸಲಿ, ಆಗ ತುಂಬಿದ ಪ್ಯಾಕ್ ಬಿಸಿಲಲ್ಲಿ ಕಾಯುವುದಿಲ್ಲ. ಇಷ್ಟಕ್ಕೆ ದುಡ್ಡೇನೂ ಬೇಡ.

ಯಶವಂತಪುರ ಪಿಎಚ್‌ಡಿ

ಅರ್ಧ ಚಾರ್ಜ್ ಎಲ್‌ಎಂಒಗೆ ಒಳ್ಳೆಯದು ಅಂತ ನಾನು ಕಣ್ಣು ಮುಚ್ಚಿ ಹೇಳಲಾರೆ. ಚಾರ್ಜ್ ಇಳಿದಷ್ಟೂ ಕ್ಯಾಥೋಡ್‌ನಲ್ಲಿ 3+ ಜಾಸ್ತಿ, ಕರಗಲು ಸಾಮಗ್ರಿ ಜಾಸ್ತಿ. ಚಾರ್ಜ್ ಏರಿದಷ್ಟೂ ಸಾಲ್ವೆಂಟ್ ಆಕ್ಸಿಡೈಸ್ ಆಗಿ ಆಮ್ಲ ಜಾಸ್ತಿ. ಯಾವ ಮಟ್ಟದಲ್ಲಿ ಅತಿ ಹೆಚ್ಚು ಕರಗುತ್ತದೆ ಅನ್ನುವುದಕ್ಕೆ ಬೇರೆ ಬೇರೆ ಕಡೆ ಬೇರೆ ಬೇರೆ ಉತ್ತರ ಓದಿದ್ದೇನೆ.

ಸ್ಪಿನೆಲ್

ಕರಗುವುದರ ಬಗ್ಗೆ ನೀವು ಹೇಳಿದ್ದು ನಿಜ. ಆದರೆ ನಷ್ಟ ಆಗುವುದು ಆನೋಡ್‌ನಲ್ಲಿ ಅಂತ ಈಗ ನೋಡಿದೆವು. ಆನೋಡ್‌ನಲ್ಲಿ ಲಿಥಿಯಂ ಕಡಿಮೆ ಇದ್ದರೆ ಕಳೆಯುವುದೂ ಕಡಿಮೆ. ಹಾಗಾಗಿ ನನ್ನ ಮತ ಅರ್ಧಕ್ಕಿಂತ ಕೆಳಗೆ ಇಡುವ ಕಡೆಗೆ. ಎಲ್ಲಕ್ಕಿಂತ ಮೊದಲು ತಗಡಿನ ಕೆಳಗಿನಿಂದ ಪ್ಯಾಕ್ ತೆಗೆಸಿ, ಕಲ್ಲಿನ ಗೋಡೆಯ ಕೋಣೆ ಇದ್ದರೆ ಅಲ್ಲಿಡಿ. 50ರಿಂದ 40ಕ್ಕೆ ಇಳಿದರೆ ಸಿಗುವ ಲಾಭದ ಮುಂದೆ ಚಾರ್ಜ್ ಮಟ್ಟದ ಚರ್ಚೆ ಚಿಕ್ಕದು. ಹೋದದ್ದು ಮಾತ್ರ ವಾಪಸ್ ಬರುವುದಿಲ್ಲ. ಈಗ ತಂಪಲ್ಲಿಟ್ಟರೂ ಆನೋಡ್ ಮೇಲೆ ಕೂತ ಮ್ಯಾಂಗನೀಸ್ ಅಲ್ಲೇ ಇರುತ್ತದೆ.

ಪೀಣ್ಯ ಪ್ಯಾಕ್

ಹಾಗಾದರೆ ಎರಡೂ ನೋಡಿಬಿಡೋಣ. ಬಳಸದ ಸೆಲ್‌ಗಳಲ್ಲಿ ಒಂದಷ್ಟು ಪೂರ್ತಿ ಚಾರ್ಜ್, ಒಂದಷ್ಟು ಅರ್ಧ ಚಾರ್ಜ್ ಮಾಡಿ ಬರುವ ಬೇಸಿಗೆಗೆ ಅದೇ ಶೆಡ್‌ನಲ್ಲಿ ಇಡಿಸುತ್ತೇನೆ. ಪ್ಯಾಕ್‌ಗಳನ್ನು ಈ ವಾರವೇ ಒಳಗಿನ ಕೋಣೆಗೆ ಸಾಗಿಸಲು ಹೇಳಿದ್ದೇನೆ.

ಯಶವಂತಪುರ ಪಿಎಚ್‌ಡಿ

ಮೂರನೇ ಗುಂಪು ಒಂದು ಸೇರಿಸಿ ಸರ್, ಶೇ 10ರಷ್ಟು ಮಾತ್ರ ಚಾರ್ಜ್ ಇರುವುದು. ಮೇಡಂ ಮಾತು ಸರಿಯೋ ನನ್ನ ಅನುಮಾನ ಸರಿಯೋ ಅದರಲ್ಲೇ ಗೊತ್ತಾಗುವುದು. ಇಡುವ ಮುಂಚೆ ಪ್ರತಿ ಸೆಲ್‌ನ C/20 ದಾಖಲೆ ತೆಗೆದಿಟ್ಟುಕೊಳ್ಳಿ, ಬಿಎಂಎಸ್ ಇಲ್ಲದೆ ಬಿಡಿ ಸೆಲ್ ಇಡಿ. ಬಿಎಂಎಸ್ ಎಳೆಯುವ ಚೂರು ಕರೆಂಟ್ ಕೂಡ ಲೆಕ್ಕ ಕೆಡಿಸುತ್ತದೆ.

ಗುಲ್ಬರ್ಗ ರೈಡರ್

ಶೆಡ್ ಎಲ್ಲಿದೆ ಹೇಳಿ ಅಣ್ಣ. ನನ್ನ ಹತ್ತಿರ ತಾಪ ದಾಖಲಿಸುವ ಚಿಕ್ಕ ಲಾಗರ್ ಇದೆ, ಕೋಳಿ ಫಾರಂಗೆ ತಂದದ್ದು. ಸೆಲ್ ಪಕ್ಕದಲ್ಲೇ ಇಟ್ಟು ತಿಂಗಳಿಗೊಮ್ಮೆ ಡೇಟಾ ಕಳಿಸುತ್ತೇನೆ.